ಒಂದೇ ಹೆಸರಿಗೆ ಇಡೀ ತರಗತಿ

ಜಿಮೇಲ್‌ನಲ್ಲಿ ಗುಂಪು ಕಟ್ಟುವ ಕೆಲಸ ಅಂಚೆಪೆಟ್ಟಿಗೆಯಲ್ಲಿ ಅಲ್ಲ, ವಿಳಾಸಪುಸ್ತಕದಲ್ಲಿ ನಡೆಯುತ್ತದೆ. ಅಲ್ಲಿ ಗುಂಪಿಗೆ ಲೇಬಲ್ ಎಂದು ಹೆಸರು. ಕಂಪ್ಯೂಟರಿನಲ್ಲಿ contacts.google.com ತೆರೆದು, ಎಡಬದಿಯ Labels ಪಕ್ಕದ + ಒತ್ತಿ, ‘ಏಳನೇ ತರಗತಿ ಪೋಷಕರು’ ಎಂದು ಹೆಸರಿಡಬೇಕು. ಬಳಿಕ ಪೋಷಕರ ಹೆಸರುಗಳನ್ನು ಗುರುತು ಹಾಕಿ ಆಯ್ದು, Manage labels ಮೂಲಕ ಆ ಲೇಬಲ್‌ಗೆ ಸೇರಿಸಬೇಕು. ಫೋನ್ ನಂಬರ್ ಮಾತ್ರ ಇರುವವರಿಗೆ ಪತ್ರ ಹೋಗದು. ಹಾಗಾಗಿ ಪ್ರತಿ ಹೆಸರಿನಲ್ಲೂ ಇಮೇಲ್ ವಿಳಾಸವಿದೆಯೇ ಎಂದು ಮೊದಲೇ ನೋಡುವುದು ಒಳಿತು.

ಪತ್ರ ಬರೆಯುವಾಗ ವಿಳಾಸದ ಜಾಗದಲ್ಲಿ ‘ಏಳನೇ’ ಎಂದು ಟೈಪಿಸಿದರೆ ಲೇಬಲ್ ಕಾಣಿಸುತ್ತದೆ; ಆರಿಸಿದೊಡನೆ ಅದು ಬಿಡಿ ವಿಳಾಸಗಳಾಗಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ಲೇಬಲ್‌ಗೆ ಸೇರಿಸಿದ ಹೊಸ ಪೋಷಕರು ಆ ಕರಡಿನಲ್ಲಿ ಇರುವುದಿಲ್ಲ. ಎಷ್ಟು ವಿಳಾಸ ಬಂದಿವೆ ಎಂದು ಎಣಿಸಿದರೆ ಬಿಟ್ಟುಹೋದವರು ತಿಳಿಯುತ್ತಾರೆ.

ಮನೆಯವರಿಗಾದರೆ To ಸಾಕು, ಎಲ್ಲರೂ ಎಲ್ಲರಿಗೂ ಉತ್ತರಿಸಬಹುದು. ಪೋಷಕರಿಗೆ ಮಾತ್ರ Bcc ಬಳಸಲೇಬೇಕು. ಇಲ್ಲದಿದ್ದರೆ ಪರಸ್ಪರ ಪರಿಚಯವೇ ಇಲ್ಲದವರ ವಿಳಾಸಗಳು ಎಲ್ಲರ ಕೈಸೇರುತ್ತವೆ, ಒಬ್ಬರು Reply all ಒತ್ತಿದರೆ ಮಗುವಿನ ಜ್ವರದ ಸುದ್ದಿ ಇಡೀ ತರಗತಿಗೆ ತಲುಪುತ್ತದೆ. To ಜಾಗದಲ್ಲಿ ಶಿಕ್ಷಕರು ತಮ್ಮದೇ ವಿಳಾಸ ಹಾಕಿಕೊಳ್ಳಬಹುದು.