ಹಾಲು ಬತ್ತಿದ ತಿಂಗಳ ಕಂತು

ಹಸು ಸಾಲಕ್ಕೆಂದು ಬ್ಯಾಂಕಿಗೆ ಹೋಗುವ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ‘ಮಾರುಕಟ್ಟೆ’ ಎಂಬ ತಲೆಬರಹದ ಕೆಳಗೆ ಸಾಮಾನ್ಯವಾಗಿ ಒಂದೇ ಮಾತು ಇರುತ್ತದೆ: ರಾಜ್ಯದಲ್ಲಿ ಹಾಲಿಗೆ ಬೇಡಿಕೆ ದಿನೇ ದಿನೇ ಹೆಚ್ಚುತ್ತಿದೆ, ಮಾರಾಟಕ್ಕೆ ತೊಂದರೆಯಿಲ್ಲ. ‘ಮರುಪಾವತಿ’ ಎಂಬಲ್ಲಿ ಬರಹ ಇನ್ನೂ ಮೊಟಕು: ಹಾಲಿನ ಆದಾಯದಿಂದ ಪ್ರತಿ ತಿಂಗಳು ಕಂತು ಕಟ್ಟಲಾಗುವುದು. ಎರಡೂ ಸುಳ್ಳಲ್ಲ. ಆದರೆ ಸಾಲ ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಇವುಗಳಿಂದ ಏನೂ ತಿಳಿಯುವುದಿಲ್ಲ. ಬೆಂಗಳೂರಿನಲ್ಲಿ ಎಷ್ಟು ಲಕ್ಷ ಲೀಟರ್ ಹಾಲು ಖರ್ಚಾದರೇನು, ನಿಮ್ಮ ಹಸುವಿನ ಹಾಲನ್ನು ಅಳೆಯುವವರು ನಿಮ್ಮೂರಿನ ಹಾಲು ಉತ್ಪಾದಕರ ಸಂಘದವರು. ಮಾರುಕಟ್ಟೆಯ ಬರಹ ಶುರುವಾಗಬೇಕಾದದ್ದು ಅಲ್ಲಿಂದ.

ಅಲ್ಲಿ ಹೇಳಬೇಕಾದ ವಿಷಯ ಹೆಚ್ಚಿಲ್ಲ. ಹಾಲು ಯಾರಿಗೆ, ದಿನಕ್ಕೆ ಎಷ್ಟು, ಯಾವ ದರಕ್ಕೆ, ದುಡ್ಡು ಕೈಗೆ ಬರುವುದು ಎಷ್ಟು ದಿನಕ್ಕೆ. ಪ್ರತಿಯೊಂದಕ್ಕೂ ಒಂದು ಕಾಗದದ ಆಧಾರ ಬೇಕು. ಮನೆಯಲ್ಲಿ ಈಗಾಗಲೇ ಒಂದು ಹಸು ಇದ್ದು ಡೈರಿಗೆ ಹಾಲು ಹಾಕುತ್ತಿದ್ದರೆ, ಒಂದು ವರ್ಷದ ಪಾಸ್ ಬುಕ್ಕಿನ ಪ್ರತಿಗಿಂತ ದೊಡ್ಡ ಆಧಾರ ಬೇರೆ ಇಲ್ಲ. ಅದರಲ್ಲಿ ಲೀಟರ್ ಮಾತ್ರವಲ್ಲ, ಫ್ಯಾಟ್ ಮತ್ತು ಎಸ್‌ಎನ್‌ಎಫ್ ಕೂಡ ಇರುತ್ತದೆ. ಬೋರ್ಡಿನಲ್ಲಿ ಬರೆದಿರುವ ದರ ಸಾಮಾನ್ಯವಾಗಿ 3.5 ಫ್ಯಾಟ್, 8.5 ಎಸ್‌ಎನ್‌ಎಫ್ ಇರುವ ಹಸುವಿನ ಹಾಲಿನದು. ಎಚ್.ಎಫ್. ಮಿಶ್ರತಳಿಯ ಹಸು ಹಾಲು ಜಾಸ್ತಿ ಕೊಟ್ಟರೂ ಈ ಮಟ್ಟ ಮುಟ್ಟದ ದಿನಗಳು ಬರುತ್ತವೆ, ಒಣ ಮೇವು ಕಡಿಮೆಯಾದಾಗ ಫ್ಯಾಟ್ ಇಳಿಯುತ್ತದೆ. ಆದ್ದರಿಂದ ರಿಪೋರ್ಟಿನಲ್ಲಿ ಬೋರ್ಡಿನ ದರ ಬರೆಯಬಾರದು. ಕಳೆದ 12 ತಿಂಗಳಲ್ಲಿ ಬಂದ ಒಟ್ಟು ಬಟವಾಡೆಯನ್ನು ಹಾಕಿದ ಒಟ್ಟು ಲೀಟರಿನಿಂದ ಭಾಗಿಸಿದರೆ ಸಿಗುವುದೇ ನಿಮ್ಮ ನಿಜವಾದ ದರ.

ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಇದೆಯಲ್ಲ ಎಂದು ಕೇಳಬಹುದು. ಅದು ಹಾಲಿನ ಬಟವಾಡೆಯ ಜೊತೆ ಬರುವುದಿಲ್ಲ. ಬೇರೆಯಾಗಿ, ಖಾತೆಗೆ, ಹಲವು ಸಲ ತಡವಾಗಿ ಬರುತ್ತದೆ. ಕಂತಿಗೆ ಮಾತ್ರ ತಾರೀಖು ಇದೆ. ಹಾಗಾಗಿ ಪ್ರೋತ್ಸಾಹಧನವನ್ನು, ಸಂಘ ವರ್ಷಕ್ಕೊಮ್ಮೆ ಕೊಡುವ ಬೋನಸ್ಸನ್ನು ಕಂತಿನ ಲೆಕ್ಕಕ್ಕೆ ಸೇರಿಸದೆ, ‘ಇವು ಹೆಚ್ಚುವರಿ’ ಎಂದು ಒಂದು ಸಾಲಿನಲ್ಲಿ ಬೇರೆ ತೋರಿಸುವುದು ಸರಿಯಾದ ಕ್ರಮ. ನಾಲ್ಕು ಮನೆಗೆ ನೇರವಾಗಿ ಹಾಲು ಹಾಕಿ ಲೀಟರಿಗೆ ಇನ್ನೂ ಹೆಚ್ಚು ಪಡೆಯುವವರೂ ಇದ್ದಾರೆ. ಆ ಮನೆಗಳವರು ರಜೆಗೆ ಊರಿಗೆ ಹೋಗುತ್ತಾರೆ, ತಿಂಗಳ ದುಡ್ಡು ಬಾಕಿ ಉಳಿಸುತ್ತಾರೆ. ಮನೆ ಹಾಲಿನ ಲೆಕ್ಕ ಬರೆದ ಪುಸ್ತಕವಿದ್ದರೆ ಅಷ್ಟು ಲೀಟರ್ ಮಾತ್ರ ತೋರಿಸಿ, ಉಳಿದದ್ದನ್ನೆಲ್ಲ ಡೈರಿ ದರದಲ್ಲೇ ಹಾಕಿ.

ಲೀಟರಿನ ವಿಷಯಕ್ಕೆ ಬಂದರೆ ಹೆಚ್ಚಿನ ರಿಪೋರ್ಟ್‌ಗಳು ಮುಗ್ಗರಿಸುವುದು ಇಲ್ಲೇ. ಸಂತೆಯಲ್ಲಿ ದಲ್ಲಾಳಿ ‘ದಿನಕ್ಕೆ 15 ಲೀಟರ್’ ಎಂದದ್ದು ಹಾಗೆಯೇ ಕಾಗದಕ್ಕೆ ಇಳಿಯುತ್ತದೆ. ಹಿಂದಿನ ಹೊತ್ತಿನ ಹಾಲು ಕರೆಯದೆ ಬಿಟ್ಟು, ಕೆಚ್ಚಲು ತುಂಬಿಸಿ ತಂದ ಹಸುವಿನ ಮುಂದೆ ನಿಂತರೆ ಯಾರಿಗಾದರೂ ಹಾಗೆಯೇ ಕಾಣುತ್ತದೆ. ಅನುಭವಸ್ಥರು ಮಾರುವವರ ಕೊಟ್ಟಿಗೆಗೇ ಹೋಗಿ, ಸಂಜೆ, ಬೆಳಿಗ್ಗೆ, ಮತ್ತೆ ಸಂಜೆ, ಹೀಗೆ ಸತತ ಮೂರು ಹೊತ್ತು ಎದುರಿಗೇ ಕರೆಸಿ ಅಳೆಯುತ್ತಾರೆ. ಮೊದಲ ಹೊತ್ತಿನದನ್ನು ಬಿಟ್ಟು ಮುಂದಿನ ಎರಡು ಹೊತ್ತಿನದನ್ನು ಕೂಡಿದರೆ ಆ ದಿನದ ಹಾಲು ಗೊತ್ತಾಗುತ್ತದೆ. ಆ ದಿನ 15 ಲೀಟರ್ ಇದ್ದರೂ ಅದು ಇಡೀ ಸೂಲಿನ ಮಾತಲ್ಲ. ಕರು ಹಾಕಿದ ಒಂದೂವರೆ–ಎರಡು ತಿಂಗಳಿಗೆ ಹಾಲು ತುದಿ ಮುಟ್ಟಿ, ಅಲ್ಲಿಂದ ಇಳಿಯುತ್ತಾ ಬರುತ್ತದೆ. ಎರಡನೇ ತಿಂಗಳಲ್ಲಿ 15 ಲೀಟರ್ ಕೊಟ್ಟ ಹಸು ಹತ್ತನೇ ತಿಂಗಳಲ್ಲಿ 6 ಲೀಟರ್ ಕೊಡಬಹುದು. ಹತ್ತು ತಿಂಗಳಿಗೆ ಹರಡಿದರೆ ದಿನಕ್ಕೆ 11 ಲೀಟರ್. ಕರುವಿಗೂ ಮನೆಗೂ ಒಂದು ಲೀಟರ್ ತೆಗೆದರೆ ಡೈರಿಗೆ ಹೋಗುವುದು 10.

ಆಮೇಲೆ ಹಸು ಬತ್ತುತ್ತದೆ. ಚೆನ್ನಾಗಿ ಸಾಕಿದ ಕೊಟ್ಟಿಗೆಯಲ್ಲೂ ಮುಂದಿನ ಕರುವಿಗೆ ಮೊದಲು ಎರಡು ತಿಂಗಳು ಹಾಲು ಬಿಡಿಸಲೇಬೇಕು. ಬೆದೆ ಗುರುತಿಸುವುದು ತಡವಾಗಿ, ಗಬ್ಬ ನಿಲ್ಲುವುದು ತಡವಾಗಿ ನಮ್ಮ ಹಳ್ಳಿಗಳಲ್ಲಿ ಇದು ಎಷ್ಟೋ ಸಲ ನಾಲ್ಕು ತಿಂಗಳಿಗೆ ಹೋಗುತ್ತದೆ. ಮರುಪಾವತಿಯ ಬರಹ ನಿಲ್ಲುವುದೂ ಬೀಳುವುದೂ ಈ ತಿಂಗಳುಗಳ ಮೇಲೆ.

ತುಮಕೂರು ಕಡೆಯ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಸ್ವಲ್ಪ ನೇಪಿಯರ್ ಹುಲ್ಲು, ಹೊಲದ ರಾಗಿ ಹುಲ್ಲು ಇದೆ. ತಲಾ 80,000 ರೂಪಾಯಿಯ ಎರಡು ಹಸು, ವಿಮೆ ಮತ್ತು ಸಾಗಣೆಗೆ 10,000, ಕೊಟ್ಟಿಗೆ ರಿಪೇರಿ ಮತ್ತು ಮೇವು ಕತ್ತರಿಸುವ ಯಂತ್ರಕ್ಕೆ 60,000, ಒಟ್ಟು 2,30,000. ಕೈಯಲ್ಲಿರುವುದು 50,000, ಬೇಕಾದ ಸಾಲ 1,80,000. ಐದು ವರ್ಷ, ಶೇ. 10 ಬಡ್ಡಿ ಎಂದರೆ ತಿಂಗಳ ಕಂತು ಸುಮಾರು 3,825 ರೂಪಾಯಿ.

ಸಾಮಾನ್ಯವಾಗಿ ಮಾಡುವ ಲೆಕ್ಕ ಹೀಗೆ. ಒಂದು ಹಸುವಿನ 10 ಲೀಟರಿಗೆ 34 ರೂಪಾಯಿಯಂತೆ ದಿನಕ್ಕೆ 340. ಪಶು ಆಹಾರ 6 ಕೆ.ಜಿ.ಗೆ 162, ಮೇವಿಗೆ 38, ಔಷಧಿ ಇತ್ಯಾದಿಗೆ 10, ಒಟ್ಟು ಖರ್ಚು 210. ಉಳಿಕೆ 130, ತಿಂಗಳಿಗೆ 3,900. ಎರಡು ಹಸುವಿಗೆ 7,800. ಕಂತಿನ ಎರಡರಷ್ಟು ಉಳಿಕೆ ಇದೆ ಎಂದು ಎಲ್ಲರೂ ನೆಮ್ಮದಿಯಿಂದ ಸಹಿ ಹಾಕುತ್ತಾರೆ.

ಈಗ ಬತ್ತಿದ ನಾಲ್ಕು ತಿಂಗಳನ್ನು ಸೇರಿಸಿ. ಹಾಲಿಲ್ಲದ ಹಸುವೂ ತಿನ್ನುತ್ತದೆ. ಹೊಟ್ಟೆಯಲ್ಲಿ ಕರು ಬೆಳೆಯುತ್ತಿರುವುದರಿಂದ ತಿನ್ನಿಸಲೇಬೇಕು. ಎರಡು ಕೆ.ಜಿ. ಆಹಾರ, ಮೇವು ಸೇರಿ ದಿನಕ್ಕೆ ಸುಮಾರು 95 ರೂಪಾಯಿ. ಹತ್ತು ತಿಂಗಳಲ್ಲಿ ಬಂದ 39,000ದಲ್ಲಿ ನಾಲ್ಕು ತಿಂಗಳ 11,400 ಕಳೆದರೆ ಒಂದು ಹಸುವಿಗೆ ಉಳಿಯುವುದು 27,600. ಎರಡಕ್ಕೆ 55,200, ಅದೂ 14 ತಿಂಗಳಿಗೆ. ತಿಂಗಳಿಗೆ ಹರಡಿದರೆ 3,943. ಕಂತು 3,825. ಕಂತಿನ ಎರಡರಷ್ಟು ಕಂಡ ಉಳಿಕೆಯಲ್ಲಿ ಈಗ ಮಿಗುವುದು ನೂರು ರೂಪಾಯಿಯ ಮೇಲೆ ಸ್ವಲ್ಪ. ಮನೆಯವರ ದುಡಿಮೆಗೆ ಇದರಲ್ಲಿ ಒಂದು ರೂಪಾಯಿ ಕೂಲಿಯನ್ನೂ ಹಾಕಿಲ್ಲ. ಒಮ್ಮೆ ಕೆಚ್ಚಲು ಬಾವು ಬಂದು ಒಂದು ವಾರದ ಹಾಲು ಚೆಲ್ಲಿದರೆ ಕಂತು ತಪ್ಪುತ್ತದೆ.

ಈ ಲೆಕ್ಕವನ್ನು ನೋಡಿ ಬಚ್ಚಿಡುವ ಆಸೆ ಬರುವುದು ಸಹಜ. ಹಾಗೆ ಮಾಡಿದರೆ ಕಷ್ಟ ಮನೆಯವರಿಗೇ. ಸಾಲದ ಮೊತ್ತ ಎಷ್ಟಿರಬೇಕು ಎಂಬುದನ್ನು ಈ ಲೆಕ್ಕವೇ ಹೇಳುತ್ತಿದೆ. ವರ್ಷದ ಉಳಿಕೆ ವರ್ಷದ ಕಂತಿನ ಒಂದೂವರೆ ಪಟ್ಟು ಇದ್ದರೆ ಸಾಲ ಆರೋಗ್ಯವಾಗಿದೆ ಎಂಬುದು ಬ್ಯಾಂಕಿನವರು ಸಾಮಾನ್ಯವಾಗಿ ಹಿಡಿಯುವ ಅಳತೆ. 3,943ನ್ನು ಒಂದೂವರೆಯಿಂದ ಭಾಗಿಸಿದರೆ ಸುಮಾರು 2,630. ಅಂದರೆ ಈ ಮನೆ ಹೊರಬಲ್ಲ ಕಂತು ಅಷ್ಟೇ. ಕೊಟ್ಟಿಗೆ ರಿಪೇರಿಯನ್ನೂ ಯಂತ್ರವನ್ನೂ ಸದ್ಯಕ್ಕೆ ಬಿಟ್ಟು, ಹಸುಗಳಿಗೆ ಮಾತ್ರ 1,20,000 ಸಾಲ ಕೇಳಿದರೆ ಕಂತು 2,550ಕ್ಕೆ ಇಳಿಯುತ್ತದೆ. ಲೆಕ್ಕ ಕೂಡುತ್ತದೆ. ರಿಸರ್ವ್ ಬ್ಯಾಂಕ್ 2025ರ ಜನವರಿಯಿಂದ ಕೃಷಿ ಮತ್ತು ಅದರ ಉಪಕಸುಬುಗಳಿಗೆ 2 ಲಕ್ಷದವರೆಗೆ ಅಡಮಾನವಿಲ್ಲದ ಸಾಲಕ್ಕೆ ಅವಕಾಶ ಕೊಟ್ಟಿದೆ. ಮಿತಿ ಇದೆಯೆಂದು ಮಿತಿಯಷ್ಟೂ ಕೇಳಬೇಕೆಂದಿಲ್ಲ.

ಮೊತ್ತ ಸರಿಹೋದರೂ ತಿಂಗಳು ಸರಿಹೋಗಬೇಕು. ಎರಡೂ ಹಸುವನ್ನು ಒಂದೇ ದಿನ ತಂದರೆ ಎರಡೂ ಒಟ್ಟಿಗೆ ಬತ್ತುತ್ತವೆ. ಆ ನಾಲ್ಕು ತಿಂಗಳು ಬಟವಾಡೆ ಸೊನ್ನೆ, ಮೇವಿನ ಖರ್ಚು ತಿಂಗಳಿಗೆ 5,700, ಮೇಲೆ ಕಂತು. ಅದಕ್ಕೇ ಎರಡನೇ ಹಸುವನ್ನು ಆರು ತಿಂಗಳು ಬಿಟ್ಟು ತರುವುದಾಗಿ ರಿಪೋರ್ಟಿನಲ್ಲೇ ಬರೆದು, ಸಾಲವನ್ನೂ ಎರಡು ಸಲ ಬಿಡುಗಡೆ ಮಾಡುವಂತೆ ಕೇಳಬೇಕು. ಆಗ ತೆಗೆದುಕೊಳ್ಳದ ದುಡ್ಡಿಗೆ ಬಡ್ಡಿಯೂ ಬೀಳುವುದಿಲ್ಲ. ಮೊದಲ ಹಸು ಹನ್ನೊಂದನೇ ತಿಂಗಳಿಂದ ಹದಿನಾಲ್ಕರವರೆಗೆ ಬತ್ತಿದ್ದಾಗ ಎರಡನೆಯದು ಕರೆಯುತ್ತಿರುತ್ತದೆ. ಎರಡನೆಯದು ಹದಿನೇಳರಿಂದ ಇಪ್ಪತ್ತರವರೆಗೆ ಬತ್ತಿದಾಗ ಮೊದಲನೆಯದು ಮತ್ತೆ ಕರು ಹಾಕಿರುತ್ತದೆ. ಎರಡೂ ಒಟ್ಟಿಗೆ ಬತ್ತುವ ತಿಂಗಳೇ ಇಲ್ಲ.

ಹಾಗಿದ್ದೂ ಕೊರತೆ ಪೂರ್ತಿ ಹೋಗುವುದಿಲ್ಲ, ಅದನ್ನೂ ಬರೆಯಬೇಕು. ಒಂದು ಕರೆದು ಒಂದು ಬತ್ತಿದ ತಿಂಗಳಲ್ಲಿ ಉಳಿಯುವುದು 1,050, ಕಂತು 2,550, ಕಡಿಮೆ ಬೀಳುವುದು 1,500. ಎರಡೂ ಕರೆಯುವ ತಿಂಗಳಲ್ಲಿ ಕಂತು ಕಟ್ಟಿ 5,250 ಮಿಗುತ್ತದೆ. ಹದಿನಾಲ್ಕು ತಿಂಗಳ ಒಂದು ಸುತ್ತಿನಲ್ಲಿ ಅಂಥ ಎಂಟು ಕೊರತೆಯ ತಿಂಗಳಿಗೆ ಬೇಕಾದದ್ದು 12,000, ಆರು ಒಳ್ಳೆಯ ತಿಂಗಳಲ್ಲಿ ಮಿಗುವುದು 31,500. ಒಳ್ಳೆಯ ತಿಂಗಳಲ್ಲಿ 2,000 ರೂಪಾಯಿಯನ್ನು ಅದೇ ಬ್ಯಾಂಕಿನ ಆರ್.ಡಿ.ಗೆ ಹಾಕುತ್ತೇವೆ ಎಂಬ ಒಂದು ವಾಕ್ಯ ಮರುಪಾವತಿಯ ಭಾಗದಲ್ಲಿದ್ದರೆ, ಬರೆದವರಿಗೆ ತಮ್ಮ ಕೊಟ್ಟಿಗೆ ಗೊತ್ತಿದೆ ಎಂದು ಓದಿದ ಮ್ಯಾನೇಜರಿಗೆ ತಿಳಿಯುತ್ತದೆ.

ಹಾಲಿನ ದರ ಇಳಿದರೆ, ಹಿಂಡಿಯ ಬೆಲೆ ಏರಿದರೆ ಏನು ಎಂದು ಅವರು ಕೇಳಿಯೇ ಕೇಳುತ್ತಾರೆ. ಉತ್ತರ ಮೊದಲೇ ಕಾಗದದ ಮೇಲಿರಲಿ. ಲೀಟರಿಗೆ 2 ರೂಪಾಯಿ ಇಳಿದರೆ ತಿಂಗಳ ಉಳಿಕೆ 3,943ರಿಂದ 3,086ಕ್ಕೆ ಬರುತ್ತದೆ. ಪಶು ಆಹಾರ ಕೆ.ಜಿ.ಗೆ 3 ರೂಪಾಯಿ ಏರಿದರೂ ಹೆಚ್ಚುಕಡಿಮೆ ಅಷ್ಟೇ ಪೆಟ್ಟು. ಯಾವುದಾದರೂ ಒಂದೇ ಬಂದರೆ 2,550ರ ಕಂತು ನಡೆಯುತ್ತದೆ. ಎರಡೂ ಒಟ್ಟಿಗೆ ಬಂದರೆ ತಿಂಗಳಿಗೆ 340 ರೂಪಾಯಿಯಷ್ಟು ಕಡಿಮೆ ಬೀಳುತ್ತದೆ, ಅದನ್ನು ರಾಗಿಯಿಂದಲೋ ಕೂಲಿಯಿಂದಲೋ ತುಂಬಬೇಕು. ಅದು ಎಲ್ಲಿಂದ ಎಂದು ಬರೆಯಿರಿ. 1,80,000 ಸಾಲವಾಗಿದ್ದರೆ ಒಂದೇ ಪೆಟ್ಟಿಗೆ ಕಂತು ನಿಲ್ಲುತ್ತಿತ್ತು.

ವಿಮೆ ಸಾಮಾನ್ಯವಾಗಿ ಹಸು ಸತ್ತರೆ ನೆರವಿಗೆ ಬರುತ್ತದೆ, ಹಸು ಬತ್ತಿದ ತಿಂಗಳಿಗಲ್ಲ. ಕಿವಿ ಓಲೆ ಬಿದ್ದುಹೋಗಿ ಹೊಸದು ಹಾಕಿಸದಿದ್ದರೆ ಕ್ಲೇಮೂ ಸಿಗುವುದು ಕಷ್ಟ. ಓಲೆಯ ನಂಬರನ್ನು ಸಾಲದ ಕಾಗದದಲ್ಲೂ ಬರೆಸಿಕೊಳ್ಳಿ.

ಇನ್ನು ಕಂತಿನ ತಾರೀಖು. ಡೈರಿಯ ಬಟವಾಡೆ ವಾರಕ್ಕೋ ಹದಿನೈದು ದಿನಕ್ಕೋ ಆಗುತ್ತದೆ. ಬ್ಯಾಂಕಿನ ಕಂತು ಬಟವಾಡೆಗೆ ಎರಡು ದಿನ ಮೊದಲೇ ಬಿದ್ದರೆ, ದುಡ್ಡು ಇದ್ದೂ ಖಾತೆ ಖಾಲಿಯಾಗಿ ದಂಡ ಬೀಳುತ್ತದೆ. ಸಂಘದ ಕಾರ್ಯದರ್ಶಿಯಿಂದ ಬಟವಾಡೆಯ ದಿನಗಳನ್ನು ಬರೆಸಿ ತಂದು, ಅದರ ಮೂರು–ನಾಲ್ಕು ದಿನಕ್ಕೆ ಕಂತು ಇಡುವಂತೆ ಕೇಳಿ. ಹಾಲಿನ ದುಡ್ಡಿನಲ್ಲೇ ಕಂತು ಹಿಡಿದು ನೇರ ಬ್ಯಾಂಕಿಗೆ ಕಟ್ಟಲು ಕೆಲವು ಸಂಘಗಳು ಒಪ್ಪುತ್ತವೆ. ಒಪ್ಪಿದರೆ ಆ ಒಪ್ಪಿಗೆ ಪತ್ರವನ್ನೂ ಲಗತ್ತಿಸಿ, ಹಸು ಬತ್ತಿದ ತಿಂಗಳಲ್ಲಿ ಹಿಡಿಯಲು ಹಾಲಿನ ದುಡ್ಡು ಸಾಲದಿದ್ದರೆ ಉಳಿದದ್ದನ್ನು ಆರ್.ಡಿ.ಯಿಂದ ತುಂಬುತ್ತೇವೆ ಎಂದು ಪತ್ರದಲ್ಲೇ ಸೇರಿಸಿ.