ಒಂದು ನಿಮಿಷಕ್ಕೆ ಎಷ್ಟು ಎಂಬಿ?

ಅಕ್ಕನ ಮಗಳ ರಂಗಪ್ರವೇಶದ ದಿನ ವರ್ಣ ಅರ್ಧ ಮುಗಿದಿತ್ತು. ನನ್ನ ಐಫೋನ್ ರೆಕಾರ್ಡಿಂಗ್ ನಿಲ್ಲಿಸಿ, ಜಾಗ ತುಂಬಿದೆ ಎಂದಿತು. ಗಡಿಬಿಡಿಯಲ್ಲಿ ಹಳೆಯ ವಿಡಿಯೋ ಅಳಿಸಿದೆ, ಜಾಗ ಮಾತ್ರ ಬಿಡುಗಡೆಯಾಗಲಿಲ್ಲ. ಅಳಿಸಿದ್ದೆಲ್ಲ Recently Deleted ಎಂಬ ಕಡೆ ಇನ್ನೂ ಕೂತಿರುತ್ತದೆ, ಅಲ್ಲಿಂದಲೂ ತೆಗೆಯಬೇಕು ಎಂಬುದು ಆ ಹೊತ್ತಿಗೆ ಹೊಳೆಯಲೇ ಇಲ್ಲ.

ಖಾಲಿ ಇದ್ದದ್ದು 11 ಜಿಬಿ. ನಾನು ಇಟ್ಟಿದ್ದ ಆಯ್ಕೆ 4ಕೆ, ಸೆಕೆಂಡಿಗೆ 60 ಫ್ರೇಮ್. ಅದು ನಿಮಿಷಕ್ಕೆ ಸುಮಾರು 400 ಎಂಬಿ ನುಂಗುತ್ತದೆ. ಭಾಗಿಸಿದರೆ 27 ನಿಮಿಷ, ಸರಿಯಾಗಿ ಅಲ್ಲೇ ನಿಂತಿತ್ತು. ಈ ಲೆಕ್ಕ ಫೋನಿನಲ್ಲೇ ಇರುತ್ತದೆ: Settings ಒಳಗೆ Camera, ಅದರಲ್ಲಿ Record Video. ಅಲ್ಲಿನ ಪ್ರಕಾರ 4ಕೆ 30 ಫ್ರೇಮಿಗೆ ಸುಮಾರು 170, 1080ಪಿ 60ಕ್ಕೆ 90, 1080ಪಿ 30ಕ್ಕೆ 60 ಎಂಬಿ. ಇದು Formats ಎಂಬಲ್ಲಿ High Efficiency ಆರಿಸಿದ್ದರೆ ಬರುವ ಲೆಕ್ಕ. Most Compatible ಇದ್ದರೆ 1080ಪಿ 30 ಕೂಡ 130ರ ಹತ್ತಿರ ಹೋಗುತ್ತದೆ.

ಬೇರೆ ಫೋನಿನವರು ನಡೆದಾಡುವ ಜನರನ್ನು ಒಂದು ನಿಮಿಷ ಚಿತ್ರಿಸಿ, ಆ ಫೈಲಿನ ವಿವರ ತೆರೆದು ಗಾತ್ರ ನೋಡಿದರೆ ಸಾಕು. ಗೋಡೆಯನ್ನು ಚಿತ್ರಿಸಿ ಅಳೆಯಬೇಡಿ. ಅಲುಗಾಡದ ದೃಶ್ಯ ಹೆಚ್ಚು ಕುಗ್ಗುವುದರಿಂದ ಲೆಕ್ಕ ಕಡಿಮೆ ಬಂದೀತು.

4ಕೆಯಲ್ಲಿ 1080ಪಿಗಿಂತ ನಾಲ್ಕು ಪಟ್ಟು ಚುಕ್ಕೆಗಳಿರುತ್ತವೆ. ದೂರದಿಂದ ಇಡೀ ವೇದಿಕೆ ಹಿಡಿದು, ಆಮೇಲೆ ಮುಖವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡುವುದಿದ್ದರೆ ಅದು ಬೇಕೇ ಬೇಕು. ಮನೆಮಂದಿ ಫೋನಿನಲ್ಲಿ ನೋಡುವುದಕ್ಕೆ ಬೇಡ. ವಾಟ್ಸಾಪಿನಲ್ಲಿ ವಿಡಿಯೋ ಆಗಿ ಕಳಿಸಿದರಂತೂ ಅದು ಹೇಗೂ ಕುಗ್ಗಿಯೇ ತಲುಪುತ್ತದೆ.

ಫ್ರೇಮಿನ ವಿಷಯದಲ್ಲಿ ಬೆಳಕನ್ನೂ ನೋಡಬೇಕು. 60 ಫ್ರೇಮ್ ಎಂದರೆ ಒಂದೊಂದು ಚಿತ್ರಕ್ಕೂ ಹೆಚ್ಚೆಂದರೆ ಸೆಕೆಂಡಿನ ಅರವತ್ತನೇ ಒಂದು ಭಾಗದಷ್ಟೇ ಬೆಳಕು ಸಿಗುತ್ತದೆ. 30ರಲ್ಲಿ ಅದರ ಎರಡರಷ್ಟು ಹೊತ್ತು ಸಿಗಬಹುದು. ಆದ್ದರಿಂದ ಮಂದ ದೀಪದಲ್ಲಿ 60 ಇಟ್ಟರೆ ಕಪ್ಪು ಪರದೆಯ ಮೇಲೆ ರವೆ ಉದುರಿಸಿದಂತೆ ಕಾಳುಕಾಳು ಕಾಣುತ್ತದೆ. ಆದರೆ ಬೆಳಕು ಚೆನ್ನಾಗಿದ್ದರೆ ಜತಿಗಳಲ್ಲಿ ಪಾದ ನೆಲಕ್ಕೆ ತಟ್ಟುವುದು 60ರಲ್ಲಿ ಸ್ಪಷ್ಟ. ಅರ್ಧ ವೇಗದಲ್ಲಿ ನೋಡಿದರೂ ಚಲನೆ ಕಡಿಯುವುದಿಲ್ಲ, ಗುರುಗಳು ತಪ್ಪು ತಿದ್ದುವುದಕ್ಕೂ ಅದೇ ಬೇಕಾದದ್ದು.

ಈಗ ಅದೇ 11 ಜಿಬಿ ಕೊಟ್ಟರೆ ನಾನು ಹೀಗೆ ಹಂಚುತ್ತೇನೆ: 40 ನಿಮಿಷದ ವರ್ಣ 1080ಪಿ 60ರಲ್ಲಿ, ಅದಕ್ಕೆ 3.6 ಜಿಬಿ. ಉಳಿದ 80 ನಿಮಿಷ 30ರಲ್ಲಿ, 4.8 ಜಿಬಿ. ಎರಡು ಗಂಟೆಯ ಕಾರ್ಯಕ್ರಮ ಮಂಗಳದವರೆಗೂ ಬರುತ್ತದೆ, ಕೊನೆಗೆ ಎರಡೂವರೆ ಜಿಬಿ ಮಿಕ್ಕಿರುತ್ತದೆ.