ಬೆನ್ನುಬ್ಬಿದ ಫೋನು

ಹೊಳೆನರಸೀಪುರದಲ್ಲಿ ಬಸ್ಸು ಹತ್ತುವಾಗ ನೂರು ತೋರಿಸಿದ ಚಾರ್ಜು ಹಾಸನ ತಲುಪುವಷ್ಟರಲ್ಲಿ ಅರವತ್ತಕ್ಕೆ ಇಳಿದಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಹೆಲ್ತ್ ಶೇ 78 ಎಂದಿರುತ್ತದೆ. ಅಂದರೆ 5,000 ಎಂಎಎಚ್ ಬ್ಯಾಟರಿಯಲ್ಲೀಗ ಸುಮಾರು 3,900 ಮಾತ್ರ ಹಿಡಿಯುತ್ತದೆ. ಎರಡು ಮೂರು ವರ್ಷ ಬಳಸಿದ ಫೋನಿಗೆ ಇದು ವಯಸ್ಸಿನ ಲಕ್ಷಣವಷ್ಟೆ. ಕೆಲವೇ ವಾರಗಳಲ್ಲಿ ಅಂಕಿ ಸರಸರನೆ ಕುಸಿದು, ಹಿಂದಿನ ಕವರೂ ಎದ್ದಿದ್ದರೆ ಮಾತ್ರ ವಿಷಯ ಬೇರೆ.

ಫೋನಿನ ಲಿಥಿಯಂ ಬ್ಯಾಟರಿಗೆ ಗಟ್ಟಿ ಡಬ್ಬಿ ಇರುವುದಿಲ್ಲ. ತೆಳು ಅಲ್ಯೂಮಿನಿಯಂ ಚೀಲದೊಳಗೆ ಎರಡು ಬಗೆಯ ಹಾಳೆಗಳು, ಅವುಗಳ ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ, ಎಲ್ಲವನ್ನೂ ನೆನೆಸಿರುವ ದ್ರಾವಣ. ಶಾಖ ಹೆಚ್ಚಾದಾಗ ಈ ದ್ರಾವಣ ಒಡೆದು ಇಂಗಾಲದ ಡೈಆಕ್ಸೈಡ್, ಮೀಥೇನ್‌ನಂಥ ಅನಿಲಗಳಾಗುತ್ತದೆ. ಹೊರಹೋಗಲು ದಾರಿಯಿಲ್ಲದ ಅನಿಲ ಚೀಲವನ್ನು ಹಪ್ಪಳದಂತೆ ಉಬ್ಬಿಸುತ್ತದೆ. ಅಂಟಿನಲ್ಲಿ ಕೂತಿದ್ದ ಕವರು ಮೇಲೇಳುತ್ತದೆ.

ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಬೈಕಿನ ಹ್ಯಾಂಡಲ್ ಮೇಲೆ, ಬಿಸಿಲಿನಲ್ಲಿ, ಮ್ಯಾಪ್ ಹಾಕಿಕೊಂಡೇ ಚಾರ್ಜ್ ಆಗುವ ಫೋನಿಗೆ ಮೂರು ಕಡೆಯಿಂದ ಬಿಸಿ ತಾಗುತ್ತದೆ. ರಾತ್ರಿ ದಿಂಬಿನಡಿ ಚಾರ್ಜಿಗಿಟ್ಟರೂ ಅಷ್ಟೇ.

ಉಬ್ಬನ್ನು ಗುರುತಿಸುವುದು ಸುಲಭ. ಸಮತಟ್ಟಾದ ಮೇಜಿನ ಮೇಲೆ ಇಟ್ಟಾಗ, ಮೊದಲು ಅಲುಗದಿದ್ದ ಫೋನು ಈಗ ಓಲಾಡುತ್ತದೆ. ಅಂಚಿನಲ್ಲಿ ಸಂದು ಕಾಣುತ್ತದೆ, ಇಲ್ಲವೇ ಸ್ಕ್ರೀನೇ ಎದ್ದಿರುತ್ತದೆ.

ಆಗ ಹಲವರು ಮಾಡುವ ಮೊದಲ ಕೆಲಸವೆಂದರೆ ಕವರನ್ನು ಒತ್ತಿ ಕೂರಿಸುವುದು. ಅಪಾಯ ಇರುವುದೇ ಅಲ್ಲಿ. ಒತ್ತಡಕ್ಕೆ ಒಳಗಿನ ಪೊರೆ ಹರಿದರೆ ಎರಡೂ ಹಾಳೆಗಳು ತಾಗಿ ಶಾರ್ಟ್ ಆಗುತ್ತದೆ. ಆ ಬಿಸಿಗೆ ಇನ್ನಷ್ಟು ರಾಸಾಯನಿಕ ಕ್ರಿಯೆ ಶುರುವಾಗಿ ಬೆಂಕಿ ಹೊತ್ತಬಹುದು. 2016ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ನೋಟ್ 7 ಅನ್ನು ಮಾರುಕಟ್ಟೆಯಿಂದ ವಾಪಸ್ ಪಡೆದದ್ದಕ್ಕೂ ಇಂಥ ಶಾರ್ಟೇ ಕಾರಣ. ಮೊದಲ ತಂಡದ ಬ್ಯಾಟರಿಗಳ ಒಂದು ಮೂಲೆಯಲ್ಲಿ ಹಾಳೆ ಬಾಗಿದ್ದುದೇ ಅದಕ್ಕೆ ಸಾಕಾಗಿತ್ತು.

ಹಾಗಾಗಿ ಉಬ್ಬು ಕಂಡ ಕೂಡಲೇ ಚಾರ್ಜರ್ ತೆಗೆದು ಫೋನನ್ನು ಆಫ್ ಮಾಡಬೇಕು, ಮತ್ತೆ ಚಾರ್ಜಿಗೆ ಹಾಕಬಾರದು. ಫೋಟೊ, ನಂಬರು ಹೋಗುತ್ತವೆಂಬ ಭಯ ಬೇಡ. ಅವಿರುವುದು ಮೆಮೊರಿಯಲ್ಲಿ, ಬ್ಯಾಟರಿ ಬದಲಿಸಿದರೂ ಉಳಿಯುತ್ತವೆ. ಸೂಜಿ ಚುಚ್ಚಿ ಗಾಳಿ ಬಿಡುವುದು, ಫ್ರಿಜ್ಜಿನಲ್ಲಿಡುವುದು ಎರಡೂ ಸಲ್ಲ. ಹಾಸಿಗೆ, ಪರದೆ, ಕಾಗದಗಳಿಂದ ದೂರ, ಗಾಳಿಯಾಡುವ ನೆರಳಿನಲ್ಲಿ ಬರಿ ನೆಲದ ಮೇಲಿಡಬೇಕು. ರಿಪೇರಿಗೆ ಒಯ್ಯುವಾಗ ಪ್ಯಾಂಟಿನ ಹಿಂಜೇಬು ಬೇಡ, ಕೂತರೆ ಬಾಗುತ್ತದೆ. ಬುಸ್ಸೆನ್ನುವ ಸದ್ದು, ಸಿಹಿಯಾದ ರಾಸಾಯನಿಕ ವಾಸನೆ ಅಥವಾ ಹೊಗೆ ಬಂದರೆ ಮುಟ್ಟದೆ ಹೊರಗೆ ಬಂದು 112ಕ್ಕೆ ಕರೆ ಮಾಡಬೇಕು. ಆ ಹೊಗೆ ವಿಷಕಾರಿ.

ಅಂಗಡಿಯಲ್ಲಿ ಮೊದಲ ಮಾತಿಗೇ ‘ಬ್ಯಾಟರಿ ಉಬ್ಬಿದೆ’ ಎಂದು ತಿಳಿಸಬೇಕು. ಕವರಿನ ಅಂಟು ಬಿಡಿಸಲು ಬಿಸಿಗಾಳಿ ಊದುವುದು ರೂಢಿ, ಉಬ್ಬಿದ ಬ್ಯಾಟರಿಗೆ ಅದು ಆಗದು. ತೆಗೆದ ಹಳೆಯ ಬ್ಯಾಟರಿಯನ್ನು ಮನೆಯ ಕಸಕ್ಕೆ ಹಾಕದೆ ಪ್ರತ್ಯೇಕವಾಗಿ ಕೊಡಬೇಕೆಂದು ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹೇಳುತ್ತವೆ.